ಮೂರು ಹಂಚಿಕೆ, ಎರಡು ಅನುಪಾತ: ಲೆಕ್ಕದ ಪಾಠಕ್ಕೆ ಕಾರ್ನೆಲ್ ಪುಟ

ಪ್ರಶ್ನೆ: ಸರ್, ನಾನು ಇಳಕಲ್‌ನಿಂದ ಬರೆಯುತ್ತಿದ್ದೇನೆ. ಸೆಕೆಂಡ್ ಪಿಯುಸಿ ಕಾಮರ್ಸ್. ಅಕ್ಕ ಹೇಳಿಕೊಟ್ಟ ಹಾಗೆ ‘ಪಾಲುದಾರನ ಸೇರ್ಪಡೆ’ ಪಾಠಕ್ಕೆ ಕಾರ್ನೆಲ್ ನೋಟ್ಸ್ ಮಾಡಿದೆ. ಎಡಗಡೆ ಹೆಡ್ಡಿಂಗ್, ಬಲಗಡೆ ಪಾಠ, ಕೆಳಗೆ ಸಾರಾಂಶ. 22 ಪುಟ ಆಯಿತು. ಮನೆಯಲ್ಲಿ ಮಾಡಿದ ಲೆಕ್ಕಗಳೂ ಸರಿ ಬಂದವು. ಆದರೂ ಟೆಸ್ಟಿನಲ್ಲಿ ಗುಡ್‌ವಿಲ್ ಹಂಚಿದ್ದು ತಪ್ಪಾಯಿತು. ಬ್ಯಾಲೆನ್ಸ್ ಶೀಟ್ ಮಾತ್ರ ಟ್ಯಾಲಿ ಆಗಿತ್ತು. ಲೆಕ್ಕದ ಪಾಠಕ್ಕೆ ಈ ಪದ್ಧತಿ ಹೊಂದುವುದಿಲ್ಲವಾ?

ಉತ್ತರ: ಹೊಂದುತ್ತದೆ ತಂಗಿ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಿತ್ತು ಅಂದೆಯಲ್ಲ, ಆ ಒಂದು ಮಾತಿನಿಂದ ನಿನ್ನ ತೊಂದರೆ ಎಲ್ಲಿದೆ ಅಂತ ಗೊತ್ತಾಯಿತು. ನಿನಗೆ ಕೂಡುವುದು ಕಳೆಯುವುದು ಬರುತ್ತದೆ. ಖಾತೆ ಬರೆಯುವುದು ಬರುತ್ತದೆ. ಜರ್ನಲ್ ಎಂಟ್ರಿಯಲ್ಲಿ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅಂತಲೂ ಗೊತ್ತು. ತಪ್ಪಿದ್ದು ಒಂದೇ ಕಡೆ: ಯಾವ ಹಣವನ್ನು ಯಾವ ಅನುಪಾತದಲ್ಲಿ ಹಂಚಬೇಕು ಅನ್ನುವುದರಲ್ಲಿ. ಈ ತಪ್ಪನ್ನು ಬ್ಯಾಲೆನ್ಸ್ ಶೀಟ್ ಯಾವತ್ತೂ ಹಿಡಿದು ಕೊಡುವುದಿಲ್ಲ. ಅಣ್ಣನ ಖಾತೆಗೆ ಹೋಗಬೇಕಾದ ದುಡ್ಡು ತಮ್ಮನ ಖಾತೆಗೆ ಹೋದರೆ ಇಬ್ಬರ ಬಂಡವಾಳ ಸೇರಿದ ಮೊತ್ತ ಬದಲಾಗುವುದಿಲ್ಲ, ಅಲ್ವಾ? ಹಾಗಾಗಿ ಅದನ್ನು ಹಿಡಿಯುವ ಕೆಲಸ ನಿನ್ನ ನೋಟ್ಸ್ ಪುಟದ್ದು. ಅದಕ್ಕೆ ಎಡಗಡೆ ಹೆಡ್ಡಿಂಗ್ ಇದ್ದರೆ ಸಾಲದು.

ಈ ಪದ್ಧತಿಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಅನ್ನುವವರು 1950ರ ದಶಕದಲ್ಲಿ ರೂಪಿಸಿದರು. ಅದು ಮೊದಲು ಕ್ಲಾಸಿನಲ್ಲಿ ಕೂತು ಪಾಠ ಕೇಳುವ ಹುಡುಗರಿಗಾಗಿ ಮಾಡಿದ್ದು. ಮೇಷ್ಟ್ರು ಮಾತಾಡುವ ವೇಗಕ್ಕೆ ಎಲ್ಲವನ್ನೂ ಬರೆದುಕೊಳ್ಳಲು ಆಗುವುದಿಲ್ಲ. ಆದ್ದರಿಂದ ಬರೆಯುವವನು ತಾನಾಗಿಯೇ ಆರಿಸಿ ಬರೆಯುತ್ತಾನೆ. ಪಠ್ಯಪುಸ್ತಕದ ಮುಂದೆ ಕೂತಾಗ ಆ ಒತ್ತಾಯ ಇರುವುದಿಲ್ಲ. ಪುಸ್ತಕ ಎಷ್ಟು ಹೊತ್ತು ಬೇಕಾದರೂ ತೆರೆದೇ ಇರುತ್ತದೆ. ಕೈ ಸುಮ್ನೆ ನಕಲು ಮಾಡುತ್ತಾ ಹೋಗುತ್ತದೆ. ನಿನ್ನ 22 ಪುಟ ಬಂದದ್ದು ಅಲ್ಲಿಂದ. ಬೆಳಗಾವಿಯಲ್ಲಿ ಓದುವಾಗ ನಾನೂ ಹೀಗೆ ಇಡೀ ಪಾಠವನ್ನು ಎರಡು ಬಣ್ಣದ ಪೆನ್ನಿನಲ್ಲಿ ಇಳಿಸಿಕೊಂಡಿದ್ದೆ. ಪರೀಕ್ಷೆಯ ದಿನ ಆ ನೋಟ್‌ಬುಕ್ಕಿನ ಪುಟ ಕಣ್ಣ ಮುಂದೆ ಬಂತು. ಹೆಡ್ಡಿಂಗ್ ಎಲ್ಲಿತ್ತು, ಕೆಂಪು ಗೆರೆ ಎಲ್ಲಿತ್ತು ಎಲ್ಲ ನೆನಪಾಯಿತು. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ನೆನಪಾಗಲಿಲ್ಲ. ಆ ಸಂಕಟ ನನಗೆ ಗೊತ್ತು. ಅದಕ್ಕೇ ನಿನಗೆ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಗೆರೆಗಳ ವಿಷಯ ಮುಗಿಸಿಬಿಡೋಣ. ಎ4 ಹಾಳೆ 21 ಸೆಂಟಿಮೀಟರ್ ಅಗಲ ಇರುತ್ತದೆ. ಎಡದಿಂದ 6 ಸೆಂಟಿಮೀಟರಿಗೆ ಒಂದು ಉದ್ದ ಗೆರೆ. ಕೆಳಗಿನಿಂದ 5 ಸೆಂಟಿಮೀಟರಿಗೆ ಒಂದು ಅಡ್ಡ ಗೆರೆ. ಎಡಗಡೆಯದು ಸುಳಿವಿನ ಕಾಲಂ, ಬಲಗಡೆ ನೋಟ್ಸ್, ಕೆಳಗೆ ಸಾರಾಂಶದ ಪಟ್ಟಿ. ನಿನ್ನ ನೋಟ್‌ಬುಕ್ ಅಗಲ ಕಡಿಮೆ ಇದ್ದರೆ ಎಡಗಡೆ 5 ಸೆಂಟಿಮೀಟರ್ ಸಾಕು. ಅದಕ್ಕಿಂತ ಕಡಿಮೆ ಬೇಡ. ಯಾಕೆಂದರೆ ಅಲ್ಲಿ ಒಂದು ಪೂರ್ತಿ ಪ್ರಶ್ನೆ ಹಿಡಿಸಬೇಕು. ನೋಟ್‌ಬುಕ್ಕಿನಲ್ಲಿ ಮೊದಲೇ ಇರುವ ಮಾರ್ಜಿನ್ನನ್ನೇ ಸುಳಿವಿನ ಕಾಲಂ ಮಾಡಿಕೊಂಡರೆ ಒಂದೊಂದೇ ಪದ ಹಿಡಿಸುತ್ತದೆ. ಆಗ ಬೇಡ ಅಂದರೂ ಹೆಡ್ಡಿಂಗೇ ಬರೆಯುತ್ತೀಯ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆ. ಹಿಂದಿನ ಮಗ್ಗುಲು ಖಾಲಿ ಇರಲಿ, ಅದರ ಉಪಯೋಗ ಆಮೇಲೆ ಹೇಳುತ್ತೇನೆ.

ಇನ್ನು ಪಾಠವನ್ನು ಪುಟಗಳಾಗಿ ಒಡೆಯುವುದು. ಪುಸ್ತಕದ ಹೆಡ್ಡಿಂಗ್ ಪ್ರಕಾರ ಒಡೆಯಬೇಡ. ಹೊಸ ಪಾಲುದಾರ ಬಂದ ದಿನ ಅಂಗಡಿಯಲ್ಲಿ ಏನೇನು ಕೆಲಸ ಆಗಬೇಕು ಅಂತ ಯೋಚಿಸು. ಹೊಸ ಪಾಲು ಎಷ್ಟು ಅಂತ ಲೆಕ್ಕ ಹಾಕಬೇಕು. ಯಾರು ಎಷ್ಟು ಬಿಟ್ಟುಕೊಟ್ಟರು ನೋಡಬೇಕು. ಗುಡ್‌ವಿಲ್ ಹಣ ಹಂಚಬೇಕು. ಹಳೆಯ ಮೀಸಲು ನಿಧಿ, ಹಳೆಯ ಲಾಭ ಹಂಚಬೇಕು. ಆಸ್ತಿ ಮತ್ತು ಸಾಲಗಳಿಗೆ ಇವತ್ತಿನ ಬೆಲೆ ಕಟ್ಟಬೇಕು. ಕಡೆಗೆ ಬಂಡವಾಳ ಸರಿಹೊಂದಿಸಿ ಹೊಸ ಬ್ಯಾಲೆನ್ಸ್ ಶೀಟ್ ಮಾಡಬೇಕು. ಆರು ಕೆಲಸ. ಕೆಲಸಕ್ಕೊಂದು ಪುಟ ಇಟ್ಟುಕೋ. ಗುಡ್‌ವಿಲ್‌ಗೆ ಬೇಕಿದ್ದರೆ ಎರಡು. ಇಡೀ ಪಾಠ ಏಳೆಂಟು ಪುಟಕ್ಕೆ ಬರುತ್ತದೆ. ಹತ್ತು ದಾಟಿತು ಅಂದರೆ ಮತ್ತೆ ನಕಲು ಶುರುವಾಗಿದೆ ಅಂತ ತಿಳಿ.

ಈಗ ನಿನ್ನ ತಪ್ಪು ಆಗಿರುವ ಗುಡ್‌ವಿಲ್ ಪುಟವನ್ನೇ ಕೂತು ಮಾಡೋಣ. ನಿಮ್ಮ ಊರಿನದೇ ಒಂದು ಸೀರೆ ಅಂಗಡಿ ಅಂದುಕೋ. ಅಣ್ಣ, ತಮ್ಮ ಇಬ್ಬರು ಪಾಲುದಾರರು. ಲಾಭ ಹಂಚಿಕೊಳ್ಳುವುದು 3:2ರಲ್ಲಿ. ಅಣ್ಣನ ಬಂಡವಾಳ 3,00,000 ರೂಪಾಯಿ, ತಮ್ಮನದು 2,00,000. ಅಳಿಯನನ್ನು 1/5 ಪಾಲಿಗೆ ಸೇರಿಸಿಕೊಳ್ಳುತ್ತಾರೆ. ಆ ಪಾಲಿನಲ್ಲಿ 3/20 ಅಣ್ಣ ಕೊಡುತ್ತಾನೆ, 1/20 ತಮ್ಮ ಕೊಡುತ್ತಾನೆ. ಅಂಗಡಿಯ ಗುಡ್‌ವಿಲ್ 2,00,000 ರೂಪಾಯಿ. ತನ್ನ ಪಾಲಿನ ಗುಡ್‌ವಿಲ್ಲನ್ನು ಅಳಿಯ ನಗದಾಗಿ ತರುತ್ತಾನೆ. ಅಂಗಡಿಯಲ್ಲಿ 50,000 ರೂಪಾಯಿ ಮೀಸಲು ನಿಧಿ ಇದೆ. ಆಸ್ತಿಗಳ ಬೆಲೆ ಮತ್ತೆ ಕಟ್ಟಿದಾಗ ಕಟ್ಟಡದ ಬೆಲೆ 25,000 ಏರಿತು. ಯಂತ್ರದ ಬೆಲೆ 12,000 ಇಳಿಯಿತು. ಬಾಕಿದಾರರಿಂದ ಬಾರದೆ ಹೋಗಬಹುದಾದ ಸಾಲಕ್ಕೆ 3,000 ತೆಗೆದಿಟ್ಟರು.

ಪುಸ್ತಕದ ಗುಡ್‌ವಿಲ್ ಭಾಗವನ್ನು ಒಂದು ಸಲ ಓದು. ಪೆನ್ನು ಮುಟ್ಟಬೇಡ. ಒಂದು ಉದಾಹರಣೆ ಮುಗಿಯುವ ತನಕ ಓದಿ ಪುಸ್ತಕ ಮುಚ್ಚು. ಈಗ ಬಲಗಡೆ ಬರೆ. ನೆನಪಿಗೆ ಬಂದಷ್ಟು, ನಿನ್ನ ಮಾತಿನಲ್ಲೇ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಒಂದು ಸಾಲು ಖಾಲಿ ಬಿಟ್ಟು ಮುಂದೆ ಹೋಗು. ಆಮೇಲೆ ಪುಸ್ತಕ ತೆರೆದು ಆ ಸಾಲನ್ನು ಬೇರೆ ಬಣ್ಣದಲ್ಲಿ ತುಂಬು. ಈ ಬೇರೆ ಬಣ್ಣ ಅಲಂಕಾರಕ್ಕಲ್ಲ. ನಿನಗೆ ಏನು ತಲೆಯಲ್ಲಿ ಉಳಿದಿರಲಿಲ್ಲ ಅಂತ ಅದು ಆಮೇಲೂ ತೋರಿಸುತ್ತಿರುತ್ತದೆ. ಲೆಕ್ಕದ ಪಾಠದಲ್ಲಿ ಬಲಗಡೆ ಜಾಸ್ತಿ ಮಾತು ಬೇಡ. ಒಂದು ಚಿಕ್ಕ ಲೆಕ್ಕ, ಅದರ ಮೆಟ್ಟಿಲುಗಳು, ಒಂದೊಂದು ಮೆಟ್ಟಿಲಿಗೆ ಒಂದು ಸಾಲು ಕಾರಣ. ನಮ್ಮ ಸೀರೆ ಅಂಗಡಿಯ ಬಲಗಡೆ ಹೀಗೆ ಬರುತ್ತದೆ:

> ಹಳೆಯ ಪಾಲು: ಅಣ್ಣ 12/20, ತಮ್ಮ 8/20.
> ಬಿಟ್ಟುಕೊಟ್ಟಿದ್ದು: ಅಣ್ಣ 3/20, ತಮ್ಮ 1/20. ತ್ಯಾಗದ ಅನುಪಾತ 3:1.
> ಹೊಸ ಪಾಲು: ಅಣ್ಣ 9/20, ತಮ್ಮ 7/20, ಅಳಿಯ 4/20.
> ಅಳಿಯ ತರುವ ಗುಡ್‌ವಿಲ್: 2,00,000 × 1/5 = 40,000.
> ಹಂಚಿಕೆ 3:1ರಲ್ಲಿ: ಅಣ್ಣ 30,000, ತಮ್ಮ 10,000.
> ಎಂಟ್ರಿ 1: ಬ್ಯಾಂಕ್ ಖಾತೆ ಡೆಬಿಟ್ 40,000, ಗುಡ್‌ವಿಲ್ ಪ್ರೀಮಿಯಂ ಖಾತೆ ಕ್ರೆಡಿಟ್.
> ಎಂಟ್ರಿ 2: ಗುಡ್‌ವಿಲ್ ಪ್ರೀಮಿಯಂ ಖಾತೆ ಡೆಬಿಟ್ 40,000, ಅಣ್ಣನ ಬಂಡವಾಳ ಕ್ರೆಡಿಟ್ 30,000, ತಮ್ಮನ ಬಂಡವಾಳ ಕ್ರೆಡಿಟ್ 10,000.

ಎಲ್ಲ ಪಾಲನ್ನೂ 20ರ ಛೇದಕ್ಕೆ ತಂದದ್ದು ನೋಡಿದೆಯಾ? 3/5 ಅಂತ ಬಿಟ್ಟರೆ 3/20ನ್ನು ಕಳೆಯುವಾಗ ಕಣ್ಣು ತಪ್ಪುತ್ತದೆ. ಹೊಸ ಪಾಲು ಮೂರನ್ನೂ ಕೂಡಿದರೆ 20/20 ಬರಬೇಕು. ಬಾರದಿದ್ದರೆ ಮುಂದಕ್ಕೆ ಹೋಗಲೇಬೇಡ.

ನೀನು ಟೆಸ್ಟಿನಲ್ಲಿ ಇಂಥದ್ದನ್ನು 3:2ರಲ್ಲಿ ಹಂಚಿರುತ್ತೀಯ ಅಂತ ನನ್ನ ಅಂದಾಜು. ಅಂದರೆ ಅಣ್ಣನಿಗೆ 24,000, ತಮ್ಮನಿಗೆ 16,000. ಈಗ ಎರಡೂ ರೀತಿಯಲ್ಲಿ ಬಂಡವಾಳ ನೋಡೋಣ. ಮೀಸಲು ನಿಧಿ 50,000 ಹಳೆಯ ಅನುಪಾತದಲ್ಲಿ ಹೋಗುತ್ತದೆ: ಅಣ್ಣನಿಗೆ 30,000, ತಮ್ಮನಿಗೆ 20,000. ಮರುಮೌಲ್ಯಮಾಪನದ ಲಾಭ 25,000ದಲ್ಲಿ 12,000 ಮತ್ತು 3,000 ಕಳೆದು 10,000. ಅದೂ ಹಳೆಯ ಅನುಪಾತದಲ್ಲಿ: 6,000 ಮತ್ತು 4,000. ಗುಡ್‌ವಿಲ್ ಸರಿಯಾಗಿ ಹಂಚಿದರೆ ಅಣ್ಣನ ಬಂಡವಾಳ 3,66,000, ತಮ್ಮನದು 2,34,000. ತಪ್ಪಾಗಿ ಹಂಚಿದರೆ ಅಣ್ಣನದು 3,60,000, ತಮ್ಮನದು 2,40,000. ಎರಡು ಸಲವೂ ಇಬ್ಬರದು ಸೇರಿ 6,00,000. ಬ್ಯಾಲೆನ್ಸ್ ಶೀಟ್ ಎರಡು ಸಲವೂ ಟ್ಯಾಲಿ. ಅಣ್ಣನಿಗೆ ಮಾತ್ರ 6,000 ರೂಪಾಯಿ ಲುಕ್ಸಾನು.

ಮನೆಯಲ್ಲಿ ಮಾಡಿದ ಲೆಕ್ಕಗಳು ಸರಿ ಬಂದು ಟೆಸ್ಟಿನಲ್ಲಿ ತಪ್ಪಿದ್ದಕ್ಕೂ ಕಾರಣ ಇಲ್ಲಿದೆ. ಹಲವು ಲೆಕ್ಕಗಳಲ್ಲಿ ‘ಹೊಸಬನಿಗೆ 1/5 ಪಾಲು’ ಅಂತ ಅಷ್ಟೇ ಇರುತ್ತದೆ. ಯಾರು ಎಷ್ಟು ಕೊಟ್ಟರು ಅಂತ ಹೇಳಿರುವುದಿಲ್ಲ. ಆಗ ಉಳಿದ 4/5ನ್ನು ಹಳಬರು ತಮ್ಮ ಹಳೆಯ ಅನುಪಾತದಲ್ಲೇ ಇಟ್ಟುಕೊಳ್ಳುತ್ತಾರೆ ಅಂತ ಹಿಡಿಯುತ್ತೇವೆ. ಅಣ್ಣನಿಗೆ 12/25, ತಮ್ಮನಿಗೆ 8/25. ಅಣ್ಣ ಬಿಟ್ಟದ್ದು 15/25ರಲ್ಲಿ 12/25 ಕಳೆದು 3/25. ತಮ್ಮ ಬಿಟ್ಟದ್ದು 10/25ರಲ್ಲಿ 8/25 ಕಳೆದು 2/25. ಅನುಪಾತ ಮತ್ತೆ 3:2! ತ್ಯಾಗದ ಅನುಪಾತವೂ ಹಳೆಯ ಅನುಪಾತವೂ ಒಂದೇ ಆಗಿಬಿಟ್ಟವು. ಇಂಥ ಲೆಕ್ಕಗಳನ್ನು ಹತ್ತು ಮಾಡಿದರೆ ‘ಗುಡ್‌ವಿಲ್ಲನ್ನು ಹಳೆಯ ಅನುಪಾತದಲ್ಲಿ ಹಂಚಬೇಕು’ ಅಂತ ಕೈಗೆ ರೂಢಿಯಾಗುತ್ತದೆ. ಉತ್ತರ ಹತ್ತೂ ಸಲ ಸರಿ ಬಂದಿರುತ್ತದೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ಹನ್ನೊಂದನೆಯ ಲೆಕ್ಕದಲ್ಲಿ ಅಣ್ಣ ಜಾಸ್ತಿ, ತಮ್ಮ ಕಡಿಮೆ ಬಿಟ್ಟುಕೊಟ್ಟಾಗ ರೂಢಿ ಕೈ ಕೊಡುತ್ತದೆ. ಅದಕ್ಕೇ ನೋಟ್ಸ್ ಪುಟಕ್ಕೆ ಉದಾಹರಣೆ ಆರಿಸುವಾಗ ಎರಡು ಅನುಪಾತ ಬೇರೆ ಬೇರೆ ಬರುವ ಲೆಕ್ಕವನ್ನೇ ಆರಿಸು.

ಈಗ ಎಡಗಡೆ. ಬಲಗಡೆ ಬರೆದು ಮುಗಿದ ತಕ್ಷಣ ಎಡಗಡೆ ತುಂಬಬೇಡ. ಊಟ ಮಾಡಿ ಬಾ, ಇಲ್ಲ ಬೇರೆ ವಿಷಯ ಒಂದು ಗಂಟೆ ಓದು. ಅದೇ ದಿನ ಮಲಗುವುದರೊಳಗೆ ಪುಟಕ್ಕೆ ವಾಪಸ್ ಬಾ. ಬಲಗಡೆಯ ಒಂದೊಂದು ಸಾಲನ್ನು ನೋಡಿ ‘ಈ ಸಾಲು ಯಾವ ಪ್ರಶ್ನೆಗೆ ಉತ್ತರ?’ ಅಂತ ಕೇಳಿಕೋ. ಆ ಪ್ರಶ್ನೆಯನ್ನು ಅದರ ಎದುರಿಗೆ ಎಡಗಡೆ ಬರೆ.

ನಿನ್ನ 22 ಪುಟದ ಎಡಗಡೆ ‘ತ್ಯಾಗದ ಅನುಪಾತ’ ಅಂತ ಇರುತ್ತದೆ. ಅದನ್ನು ನೋಡಿದಾಗ ಮನಸ್ಸು ‘ಹೌದು, ಇದು ಗೊತ್ತು’ ಅನ್ನುತ್ತದೆ. ಪದ ಪರಿಚಯದ್ದು, ಅಷ್ಟೇ. ಅದು ನಿನ್ನನ್ನು ಏನೂ ಕೇಳಲಿಲ್ಲ, ನೀನೂ ಏನೂ ಹೇಳಲಿಲ್ಲ. ಅದರ ಬದಲು ‘ಅಳಿಯ ತಂದ 40,000 ಯಾರಿಗೆ ಸೇರಬೇಕು, ಯಾಕೆ?’ ಅಂತ ಬರೆದಿದ್ದರೆ? ಈಗ ಬಾಯಿ ಬಿಡಲೇಬೇಕು. ‘ಲಾಭದ ಪಾಲು ಬಿಟ್ಟುಕೊಟ್ಟವರಿಗೆ. ಮುಂದಿನ ಲಾಭ ಅವರಿಗೆ ಕಡಿಮೆ ಆಗುತ್ತದೆ, ಅದಕ್ಕೆ ಪರಿಹಾರ ಇದು. ಹಾಗಾಗಿ ಎಷ್ಟು ಬಿಟ್ಟರೋ ಆ ಲೆಕ್ಕದಲ್ಲೇ.’ ಈ ಕಾರಣ ಬಾಯಿಗೆ ಬಂದವಳು 3:2ರಲ್ಲಿ ಹಂಚುವುದಿಲ್ಲ.

ಈ ಪುಟಕ್ಕೆ ನಾನಾದರೆ ಎಡಗಡೆ ಐದು ಪ್ರಶ್ನೆ ಇಡುತ್ತೇನೆ:

> ಪಾಲು ಯಾರು ಎಷ್ಟು ಬಿಟ್ಟರು? ಲೆಕ್ಕದಲ್ಲಿ ಹೇಳದಿದ್ದರೆ ಹೇಗೆ ಹಿಡಿಯಬೇಕು?
> 40,000 ಎಲ್ಲಿಂದ ಬಂತು? ಪೂರ್ತಿ 2,00,000 ಯಾಕಲ್ಲ?
> ಆ ಹಣ ಯಾರಿಗೆ, ಯಾಕೆ?
> ಅಳಿಯ ಗುಡ್‌ವಿಲ್ ನಗದು ತರದಿದ್ದರೆ ಯಾವ ಖಾತೆ ಡೆಬಿಟ್?
> ತಮ್ಮನ ಹೊಸ ಪಾಲು ಹಳೆಯದಕ್ಕಿಂತ ಜಾಸ್ತಿ ಬಂದರೆ?

ಕೊನೆಯ ಎರಡಕ್ಕೆ ಉತ್ತರ ನಮ್ಮ ಲೆಕ್ಕದಲ್ಲಿ ಇಲ್ಲ. ಬೇಕೆಂದೇ ಇಟ್ಟಿದ್ದೇನೆ. ಪರೀಕ್ಷೆಯಲ್ಲಿ ಲೆಕ್ಕ ತಿರುಗುವುದು ಇಂಥ ಕಡೆಯೇ. ನಗದು ತರದಿದ್ದರೆ ಅಳಿಯನ ಚಾಲ್ತಿ ಖಾತೆಯನ್ನು ಡೆಬಿಟ್ ಮಾಡಿ, ತ್ಯಾಗ ಮಾಡಿದವರ ಬಂಡವಾಳ ಖಾತೆಗೆ ಕ್ರೆಡಿಟ್ ಮಾಡಬೇಕು. ತಮ್ಮನ ಪಾಲು ಹೆಚ್ಚಾದರೆ ಹಳೆಯದರಲ್ಲಿ ಹೊಸದನ್ನು ಕಳೆದಾಗ ಮೈನಸ್ ಬರುತ್ತದೆ. ಅಂದರೆ ಅವನು ಬಿಟ್ಟುಕೊಟ್ಟಿಲ್ಲ, ಪಡೆದಿದ್ದಾನೆ. ಆಗ ಅಣ್ಣ ಒಬ್ಬನೇ ತ್ಯಾಗ ಮಾಡಿದವನು. ಅಳಿಯನ ಜೊತೆ ತಮ್ಮನೂ ತಾನು ಪಡೆದ ಪಾಲಿನ ಗುಡ್‌ವಿಲ್ಲನ್ನು ಅವನಿಗೆ ತುಂಬಿಕೊಡಬೇಕು. ಇವೆರಡನ್ನೂ ಬಲಗಡೆ ಕೆಳಗೆ ಒಂದೊಂದು ಸಾಲಿನಲ್ಲಿ ಸೇರಿಸಿಕೋ.

ಪುಟಕ್ಕೆ ನಾಲ್ಕರಿಂದ ಆರು ಪ್ರಶ್ನೆ ಸಾಕು. ಹನ್ನೆರಡು ಬರೆದರೆ ಅವು ಮತ್ತೆ ಸಾಲು ಸಾಲಿನ ನಕಲಾಗುತ್ತವೆ. ಪ್ರಶ್ನೆ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲು ಒಂದು ದಾರಿ ಇದೆ. ಒಂದೇ ಪದದಲ್ಲಿ ಉತ್ತರ ಮುಗಿದುಹೋದರೆ ಆ ಪ್ರಶ್ನೆ ತೆಳು. ‘ಯಾಕೆ’, ‘ಇಲ್ಲದಿದ್ದರೆ’, ‘ಬದಲಾದರೆ’ ಅನ್ನುವ ಮಾತು ಇರುವ ಪ್ರಶ್ನೆ ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ನಮ್ಮ ಕಡೆ ಬಹಳ ಮಕ್ಕಳು ಎಸ್ಸೆಸ್ಸೆಲ್ಸಿ ತನಕ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ನಿನ್ನದೂ ಹಾಗೆಯೇ ಇದ್ದರೆ ಎಡಗಡೆಯ ಪ್ರಶ್ನೆ ಕನ್ನಡದಲ್ಲೇ ಇರಲಿ. ಮನೆಯಲ್ಲಿ ಮಾತಾಡುವ ಹಾಗೆಯೇ ಬರೆ, ತಪ್ಪಿಲ್ಲ. ಖಾತೆಗಳ ಹೆಸರು ಮತ್ತು ಎಂಟ್ರಿಗಳನ್ನು ಮಾತ್ರ ಬಲಗಡೆ ಪರೀಕ್ಷೆಯಲ್ಲಿ ಬರೆಯುವ ಭಾಷೆಯಲ್ಲೇ ಬರೆ. ಕಾರಣ ನಿನ್ನ ಮಾತಿನಲ್ಲಿ ತಿಳಿಯಬೇಕು, ಉತ್ತರ ಪರೀಕ್ಷೆಯ ಮಾತಿನಲ್ಲಿ ಇಳಿಯಬೇಕು. ವಿಜಯಪುರದಲ್ಲಿ ನಾನು ಕಲಿಸಿದ ಮಕ್ಕಳಲ್ಲಿ ಹೀಗೆ ಮಾಡಿದವರು ‘ಸ್ಯಾಕ್ರಿಫೈಸಿಂಗ್ ರೇಶಿಯೋ’ ಅನ್ನುವ ಪದಕ್ಕೆ ಹೆದರುವುದನ್ನು ಬೇಗ ಬಿಟ್ಟರು.

ಕೆಳಗಿನ ಪಟ್ಟಿಗೆ ಬರೋಣ. ಹೆಚ್ಚಿನವರು ಕೆಡಿಸುವುದು ಇದನ್ನೇ. ‘ಈ ಪುಟದಲ್ಲಿ ಗುಡ್‌ವಿಲ್, ತ್ಯಾಗದ ಅನುಪಾತ ಮತ್ತು ಜರ್ನಲ್ ಎಂಟ್ರಿಗಳ ಬಗ್ಗೆ ತಿಳಿದೆವು’ ಅಂತ ಬರೆಯುತ್ತಾರೆ. ಅದು ಸಾರಾಂಶ ಅಲ್ಲ, ಪರಿವಿಡಿ. ಪಾಠದಲ್ಲಿ ಏನಿತ್ತು ಅಂತ ಅದು ಹೇಳುತ್ತದೆ. ಪಾಠ ಏನು ಹೇಳಿತು ಅಂತ ಹೇಳುವುದಿಲ್ಲ. ಪಟ್ಟಿ ಬರೆಯುವಾಗ ಪುಸ್ತಕವೂ ಮುಚ್ಚಿರಬೇಕು, ಪುಟದ ಮೇಲ್ಭಾಗದ ಮೇಲೆ ಒಂದು ಹಾಳೆಯೂ ಮುಚ್ಚಿರಬೇಕು. ಎರಡು ಅಥವಾ ಮೂರು ವಾಕ್ಯ. ಈ ಪಾಠ ಗೊತ್ತಿಲ್ಲದ ಗೆಳತಿಗೆ ಬಸ್ ಬರುವುದರೊಳಗೆ ಹೇಳಿ ಮುಗಿಸಬೇಕು ಅಂದುಕೊಂಡು ಬರೆ. ನಮ್ಮ ಪುಟದ ಪಟ್ಟಿ ನನ್ನ ಕೈಯಲ್ಲಿ ಹೀಗೆ ಬರುತ್ತದೆ:

> ಹೊಸಬ ತರುವ ಗುಡ್‌ವಿಲ್ ಹಣ, ಪಾಲು ಬಿಟ್ಟುಕೊಟ್ಟವರಿಗೆ ಪರಿಹಾರ. ಆದ್ದರಿಂದ ಬಿಟ್ಟ ಲೆಕ್ಕದಲ್ಲೇ ಹಂಚಿಕೆ. ಯಾರು ಎಷ್ಟು ಬಿಟ್ಟರು ಅಂತ ಹೇಳದಿದ್ದಾಗ ಅದು ಹಳೆಯ ಅನುಪಾತಕ್ಕೆ ಸಮ.

ಮುಂದಿನ ಎರಡು ಪುಟ ಮೀಸಲು ನಿಧಿಯದು ಮತ್ತು ಮರುಮೌಲ್ಯಮಾಪನದ್ದು. ಅವುಗಳ ಪಟ್ಟಿ ಬೇರೆ ಮಾತು ಹೇಳಬೇಕು. ಮೀಸಲು ನಿಧಿ ಅಂದರೆ ಅಳಿಯ ಬರುವ ಮೊದಲೇ ದುಡಿದು ಕೂಡಿಟ್ಟ ಲಾಭ. ಕಟ್ಟಡದ ಬೆಲೆ ಏರಿದ್ದೂ ಅವನು ಬರುವ ಮೊದಲೇ. ಅವತ್ತು ಅಣ್ಣ ತಮ್ಮ 3:2ರಲ್ಲಿ ಹಂಚಿಕೊಳ್ಳುತ್ತಿದ್ದರು, ಹಾಗಾಗಿ ಇವೂ 3:2ರಲ್ಲೇ. ಗುಡ್‌ವಿಲ್ ಹಣ ಮಾತ್ರ ಮುಂದೆ ಕಳೆದುಕೊಳ್ಳುವ ಲಾಭಕ್ಕೆ ಸಂಬಂಧಿಸಿದ್ದು. ಹಿಂದೆ ದುಡಿದದ್ದಕ್ಕೆ ಹಳೆಯ ಅನುಪಾತ, ಮುಂದೆ ಬಿಟ್ಟುಕೊಡುವುದಕ್ಕೆ ತ್ಯಾಗದ ಅನುಪಾತ. ಹಂಚಿಕೆ ಮೂರು, ಅನುಪಾತ ಎರಡು. ಪುಸ್ತಕ ಇವನ್ನು ಬೇರೆ ಬೇರೆ ಹೆಡ್ಡಿಂಗ್ ಕೆಳಗೆ ಹೇಳುತ್ತದೆ. ಒಂದರ ಪಕ್ಕ ಒಂದು ಇಟ್ಟು ನೋಡುವ ಅವಕಾಶ ನಿನಗೆ ಸಿಗುವುದು ಈ ಪಟ್ಟಿಗಳಲ್ಲೇ. ಮೂರು ಪುಟ ಸಾಲಾಗಿ ಹಾಸಿ, ಕೆಳಗಿನ ಪಟ್ಟಿ ಮೂರನ್ನು ಮಾತ್ರ ಓದು. ಮೂರರಲ್ಲೂ ‘ಯಾವ ಅನುಪಾತ, ಯಾಕೆ’ ಅನ್ನುವುದಕ್ಕೆ ಉತ್ತರ ಇಲ್ಲದಿದ್ದರೆ ಆ ಪಟ್ಟಿಯನ್ನು ಹೊಡೆದು ಮತ್ತೆ ಬರೆ.

ಪುಟ ತಯಾರಾಯಿತು. ಆದರೆ ಅದು ಕೆಲಸಕ್ಕೆ ಬರುವುದು ಮುಚ್ಚಿದಾಗ. ಒಂದು ರಟ್ಟಿನ ತುಂಡಿನಿಂದ ಬಲಗಡೆ ಮುಚ್ಚು. ಎಡಗಡೆಯ ಪ್ರಶ್ನೆ ಓದಿ ಉತ್ತರವನ್ನು ಬಾಯಿಬಿಟ್ಟು ಹೇಳು. ಎಂಟ್ರಿ ಇದ್ದರೆ ಹಿಂದಿನ ಖಾಲಿ ಮಗ್ಗುಲಲ್ಲಿ ಪೆನ್ಸಿಲ್‌ನಿಂದ ಬರೆ. ಖಾಲಿ ಬಿಡು ಅಂದದ್ದು ಇದಕ್ಕೆ. ಆಮೇಲೆ ರಟ್ಟು ಸರಿಸಿ ತಾಳೆ ನೋಡು. ತಪ್ಪಿದ ಪ್ರಶ್ನೆಯ ಪಕ್ಕ ಒಂದು ಚುಕ್ಕೆ ಇಡು. ಪುಟ ಮಾಡಿದ ಮರುದಿನ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಕಳೆದ ಮೇಲೆ ಒಮ್ಮೆ. ಪುಟಕ್ಕೆ ಐದು ನಿಮಿಷದ ಮೇಲೆ ಬೇಡ. ಎರಡು ಸಲ ಚುಕ್ಕೆ ಬಿದ್ದ ಪ್ರಶ್ನೆ ಇದ್ದರೆ ಪುಟ ಬಿಟ್ಟು ಪುಸ್ತಕಕ್ಕೆ ಹೋಗಿ ಆ ಭಾಗವನ್ನು ಮತ್ತೆ ಓದಬೇಕು.

ಮತ್ತೆ ಮತ್ತೆ ಓದುವುದಕ್ಕಿಂತ ಇದು ಕಷ್ಟ ಅನಿಸುತ್ತದೆ. ಓದಿದಾಗ ಎಲ್ಲ ಬಂತು ಅನ್ನುವ ಸಮಾಧಾನ ಸಿಗುತ್ತದೆ, ಮುಚ್ಚಿ ಹೇಳಿದಾಗ ಅದು ಸಿಗುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದುವ ಬದಲು ನೆನಪಿನಿಂದ ಬರೆದವರು ಮುಂದಾದರು. ನಿನ್ನ ಪರೀಕ್ಷೆ ಐದು ನಿಮಿಷದ ನಂತರ ಇಲ್ಲ.

ಈ ಪುಟದಿಂದ ಆಗದ ಕೆಲಸವೂ ಇದೆ. ಅದು ವೇಗ ಕೊಡುವುದಿಲ್ಲ. ಮರುಮೌಲ್ಯಮಾಪನ ಖಾತೆ, ಪಾಲುದಾರರ ಬಂಡವಾಳ ಖಾತೆ, ಹೊಸ ಬ್ಯಾಲೆನ್ಸ್ ಶೀಟ್ ಮೂರೂ ಇರುವ ದೊಡ್ಡ ಲೆಕ್ಕವನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಮಾಡಿಯೇ ರೂಢಿ ಮಾಡಿಕೊಳ್ಳಬೇಕು. ಅದಕ್ಕೆ ಬೇರೆ ನೋಟ್‌ಬುಕ್ ಇರಲಿ. 15 ಸೆಂಟಿಮೀಟರ್ ಅಗಲದಲ್ಲಿ ಎರಡು ಬದಿಯ ಖಾತೆ ಬರೆಯಲು ಹೋದರೆ ವಿವರಕ್ಕೂ ಮೊತ್ತಕ್ಕೂ ಜಾಗ ಸಾಲದೆ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ಖಾತೆಯ ನಮೂನೆಯನ್ನು ನೋಟ್ಸ್ ಪುಟದಲ್ಲಿ ಅಂಕಿ ಇಲ್ಲದೆ ಒಂದೇ ಒಂದು ಸಲ ಬರೆದುಕೋ. ಯಾವುದು ಯಾವ ಬದಿಗೆ ಅಂತ ತಿಳಿಯುವಷ್ಟು ಸಾಕು.

ದೊಡ್ಡ ಲೆಕ್ಕ ಮಾಡುವಾಗ ತಪ್ಪಾದರೆ ಆ ತಪ್ಪನ್ನು ನೋಟ್ಸ್ ಪುಟಕ್ಕೆ ವಾಪಸ್ ತಾ. ಉದಾಹರಣೆಗೆ ಹಳೆಯ ಬ್ಯಾಲೆನ್ಸ್ ಶೀಟಿನ ಆಸ್ತಿ ಬದಿಯಲ್ಲಿ ಮೊದಲೇ 30,000 ಗುಡ್‌ವಿಲ್ ಇತ್ತು, ನೀನು ಅದನ್ನು ಹಾಗೇ ಹೊಸ ಶೀಟಿಗೆ ಎತ್ತಿಕೊಂಡೆ ಅಂತ ಇಟ್ಟುಕೋ. ಅದನ್ನು ಹಳೆಯ ಪಾಲುದಾರರ ಬಂಡವಾಳ ಖಾತೆಗೆ ಹಳೆಯ ಅನುಪಾತದಲ್ಲಿ ಡೆಬಿಟ್ ಮಾಡಿ ತೆಗೆದುಹಾಕಬೇಕಿತ್ತು. ನಮ್ಮ ಅಂಗಡಿಯಾದರೆ ಅಣ್ಣನಿಗೆ 18,000, ತಮ್ಮನಿಗೆ 12,000. ಈಗ ಗುಡ್‌ವಿಲ್ ಪುಟದ ಎಡಗಡೆ ಆರನೆಯ ಪ್ರಶ್ನೆ ಹುಟ್ಟಿತು: ‘ಹಳೆಯ ಬ್ಯಾಲೆನ್ಸ್ ಶೀಟಿನಲ್ಲಿ ಮೊದಲೇ ಗುಡ್‌ವಿಲ್ ಇದ್ದರೆ ಏನು ಮಾಡಬೇಕು, ಯಾವ ಅನುಪಾತ?’ ಗುಡ್‌ವಿಲ್ ಅಂದ ಕೂಡಲೇ ತ್ಯಾಗದ ಅನುಪಾತ ಅಂತ ಓಡುವ ಕೈಯನ್ನು ಈ ಪ್ರಶ್ನೆ ತಡೆಯುತ್ತದೆ. ಮೊದಲಿಂದ ಇದ್ದದ್ದು ಹಳಬರದು, ಆದ್ದರಿಂದ ಹಳೆಯ ಅನುಪಾತ.

ವ್ಯವಹಾರ ಅಧ್ಯಯನದ ಪಾಠಗಳಿಗೆ ಇಷ್ಟು ಕಷ್ಟ ಇಲ್ಲ. ಅಲ್ಲಿ ಬಲಗಡೆ ಅಂಶಗಳು, ಎಡಗಡೆ ಪ್ರಶ್ನೆ, ಅಷ್ಟೇ. ಅಲ್ಲೂ ‘ಯೋಜನೆಯ ಮಿತಿಗಳು’ ಅಂತ ಬರೆಯದೆ ‘ಯೋಜನೆ ಚೆನ್ನಾಗಿ ಮಾಡಿದರೂ ಯಾಕೆ ಕೆಡಬಹುದು?’ ಅಂತ ಬರೆ.

22 ಪುಟಗಳನ್ನು ಎಸೆಯಬೇಡ. ಹೊಸ ಪುಟ ಮಾಡುವಾಗ ತಾಳೆ ನೋಡಲು ಬೇಕಾಗುತ್ತವೆ. ಇವತ್ತು ಗುಡ್‌ವಿಲ್ ಪುಟ ಒಂದನ್ನು ಮಾತ್ರ ಮಾಡು. ಅದಾದ ಮೇಲೆ ಟೆಸ್ಟಿನಲ್ಲಿ ತಪ್ಪಿದ ಅದೇ ಲೆಕ್ಕವನ್ನು ಪುಟ ನೋಡದೆ ಬಿಡಿಸಿ, ಇಬ್ಬರ ಬಂಡವಾಳ ಎಷ್ಟು ಬಂತು ಅಂತ ನನಗೆ ಬರೆದು ಕಳಿಸು. ಬ್ಯಾಲೆನ್ಸ್ ಶೀಟಿನ ಒಟ್ಟು ಮೊತ್ತ ಕಳಿಸುವುದು ಬೇಡ, ಅದು ಈ ಸಲವೂ ಟ್ಯಾಲಿ ಆಗಿಯೇ ಇರುತ್ತದೆ.